ಸಭೆಯಲ್ಲಿ ಕೆಲವರು ಒಪ್ಪದ ಉಪನ್ಯಾಸಕರನ್ನು ಪರಿಚಯಿಸುವುದು ಹೇಗೆ?

ಆಹ್ವಾನ ಪತ್ರಿಕೆ ಅಚ್ಚಾಗಿದೆ, ಅತಿಥಿ ಪರಿಚಯ ಅಂತ ನಿಮ್ಮ ಹೆಸರು ಹಾಕಿದ್ದಾರೆ. ಆದರೆ ಉಪನ್ಯಾಸಕರ ನಿಲುವು ಸಭೆಗೆ ಬರುವ ಎಷ್ಟೋ ಜನರಿಗೆ ಆಗುವುದಿಲ್ಲ. ಏನು ಹೇಳಬೇಕು, ಏನು ಬಿಡಬೇಕು? ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಕಾಲೇಜಿನವರು ಕೇಳುತ್ತಾರೆ, ಕನ್ನಡ ಸಂಘದವರು ಕೇಳುತ್ತಾರೆ, ರೈತ ಸಂಘಟನೆಯವರೂ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸುಮ್ನೆ ಮೇಲುಮೇಲಿನ ಸಲಹೆ ಬೇಡ, ನಮ್ಮದೇ ನೆಲದ ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಭದ್ರಾ ಮೇಲ್ದಂಡೆ ಯೋಜನೆ. ದಾವಣಗೆರೆಯ ಒಂದು ಕಾಲೇಜು ಸಭಾಂಗಣದಲ್ಲಿ ಈ ಯೋಜನೆಯ ಬಗ್ಗೆ ಉಪನ್ಯಾಸ ಇದೆ ಅಂದುಕೊಳ್ಳಿ. ಮಾತಾಡುವವರು ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್, ಯೋಜನೆ ಆಗಲೇಬೇಕು ಅನ್ನುವವರು. ಕೇಳಲು ಬರುವವರಲ್ಲಿ ಜಗಳೂರಿನವರು, ಚಿತ್ರದುರ್ಗದವರು ಇದ್ದಾರೆ. ಹರಿಹರ, ಮಲೇಬೆನ್ನೂರು ಕಡೆಯ ಅಚ್ಚುಕಟ್ಟಿನ ರೈತರೂ ಇದ್ದಾರೆ. ಅಚ್ಚುಕಟ್ಟು ಅಂದರೆ ನಾಲೆಯ ನೀರು ತಲುಪುವ ಜಮೀನು.

ಜಗಳ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಗಳು ಹರಿದು ದಾವಣಗೆರೆ ಕಡೆಯ ಗದ್ದೆ, ತೋಟಗಳಿಗೆ ನೀರು ಕೊಡುತ್ತವೆ. ಮೇಲ್ದಂಡೆ ಯೋಜನೆಯ ಲೆಕ್ಕದಲ್ಲಿ ತುಂಗಾ ನದಿಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ಹಾಕಬೇಕು, ಭದ್ರಾದಿಂದ 29.9 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ಕೊಡಬೇಕು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಚಿತ್ರದುರ್ಗಕ್ಕೆ, ದಾವಣಗೆರೆ ಜಿಲ್ಲೆಯದೇ ಆದ ಜಗಳೂರಿಗೆ ಇದು ಬರಗಾಲದಿಂದ ಹೊರಬರುವ ದಾರಿ. ನಾಲೆಯ ಕೊನೆ ಭಾಗದ ರೈತರಿಗೆ ಇದು ಭಯ: ಈಗಲೇ ನಮ್ಮ ತನಕ ನೀರು ಸರಿಯಾಗಿ ಬರುತ್ತಿಲ್ಲ, ತುಂಗೆಯ ನೀರು ಬರುವ ಮೊದಲೇ ಭದ್ರೆಯದನ್ನು ಎತ್ತಿದರೆ ನಮ್ಮ ಬೆಳೆಯ ಗತಿ ಏನು? ಎರಡೂ ಕಡೆಯವರದು ಹೊಟ್ಟೆಯ ಪ್ರಶ್ನೆ. 1997ರ ತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಈ ಎರಡು ಕಡೆಯವರ ನಡುವೆ ನೆಂಟಸ್ತನ ಇದೆ. ಒಂದೇ ಸಭೆಯಲ್ಲಿ ಬೀಗರು ಬೀಗರು ಎದುರುಬದುರು ಕೂತಿರಬಹುದು.

ಈಗ ಹಂತ ಹಂತವಾಗಿ ನೋಡೋಣ.

1. ಒಪ್ಪಿಕೊಳ್ಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಈ ವಿಷಯದಲ್ಲಿ ನೀವು ಬಹಿರಂಗವಾಗಿ ಒಂದು ಪಕ್ಷ ಹಿಡಿದವರಾ? ನಾಲೆಯ ಹೋರಾಟದಲ್ಲಿ ಮೈಕ್ ಹಿಡಿದು ಮಾತಾಡಿದ್ದೀರಾ, ಅಥವಾ ಮೇಲ್ದಂಡೆ ಪರವಾದ ಮನವಿಗೆ ಸಹಿ ಹಾಕಿ ಪತ್ರಿಕೆಯಲ್ಲಿ ಫೋಟೋ ಬಂದಿದೆಯಾ? ಹಾಗಿದ್ದರೆ ಪರಿಚಯವನ್ನು ಬೇರೆಯವರಿಗೆ ಬಿಡಿ. ನೀವು ಎಷ್ಟೇ ನ್ಯಾಯವಾಗಿ ಮಾತಾಡಿದರೂ ಜನ ಕೇಳುವುದು ನಿಮ್ಮ ಹಳೆಯ ಮಾತನ್ನೇ. ವಂದನಾರ್ಪಣೆಯನ್ನೋ ಸ್ವಾಗತವನ್ನೋ ತೆಗೆದುಕೊಳ್ಳಿ, ಅಲ್ಲಿ ಅಷ್ಟು ತೊಂದರೆ ಇಲ್ಲ.

2. ಉಪನ್ಯಾಸಕರಿಗೆ ಫೋನ್ ಮಾಡಿ, ನಾಲ್ಕು ವಿಷಯ ಕೇಳಿ

ಎಲ್ಲಿಂದಲೋ ಎತ್ತಿದ ವಿವರದ ಮೇಲೆ ಪರಿಚಯ ಬರೆಯಬೇಡಿ. ವಾರ ಮುಂಚೆಯೇ ಅವರ ಜೊತೆ ಮಾತಾಡಿ. ಹೆಸರು, ಇನಿಷಿಯಲ್ ಹೇಗೆ ಹೇಳಬೇಕು, ಯಾವ ಹುದ್ದೆಯಲ್ಲಿ ಎಲ್ಲಿಂದ ಎಲ್ಲಿವರೆಗೆ ಇದ್ದರು, ಈ ವಿಷಯಕ್ಕೂ ಅವರಿಗೂ ಇರುವ ನೇರ ಸಂಬಂಧ ಏನು ಅಂತ ಕೇಳಿ. ಇವು ಮೂರು ಸುಲಭ.

ನಾಲ್ಕನೆಯದು ಮುಖ್ಯ. "ಸರ್, ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಹೇಳಿ ಅಂದರೆ ಹೇಗೆ ಹೇಳ್ತೀರಿ?" ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ನಿಮ್ಮ ಮಾತಿಗೆ ತಿರುಗಿಸಬೇಡಿ. ನಮ್ಮ ಎಂಜಿನಿಯರ್ ಹೀಗೆ ಹೇಳಿದರು ಅಂದುಕೊಳ್ಳಿ: "ತುಂಗೆಯಿಂದ ನೀರು ತಂದು ಭದ್ರೆಗೆ ತುಂಬಿಸುವ ಕೆಲಸ ಮುಗಿದರೆ ಅಚ್ಚುಕಟ್ಟಿನ ಪಾಲಿಗೆ ಕೈ ಹಾಕದೆ ಬಯಲುಸೀಮೆಗೆ ನೀರು ಕೊಡಬಹುದು." ನೋಡಿ, ಇದರಲ್ಲಿ "ಮುಗಿದರೆ" ಅನ್ನುವ ಷರತ್ತಿದೆ. ಹೊರಗೆ ಜನ ಇವರ ಬಗ್ಗೆ ಹೇಳುವುದು "ನಮ್ಮ ನೀರು ಕಿತ್ತು ಅವರಿಗೆ ಕೊಡಿ ಅನ್ನೋರು" ಅಂತ. ನೀವು ಫೋನ್ ಮಾಡದಿದ್ದರೆ ಆ ಷರತ್ತು ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ ಕೇಳುವುದಕ್ಕೆ ಮುಜುಗರ ಆಗುತ್ತದೆ, ಆದರೆ ಕೇಳಲೇಬೇಕು. ಈ ಯೋಜನೆಯಿಂದ ಅವರಿಗೆ ಸ್ವಂತ ಲಾಭ ಏನಾದರೂ ಇದೆಯಾ? ಯೋಜನೆಗೆ ಸಂಬಳ ಪಡೆಯುವ ಸಲಹೆಗಾರರಾ, ಗುತ್ತಿಗೆ ಕಂಪನಿಯ ನಂಟಿದೆಯಾ, ಯಾವುದಾದರೂ ರಾಜಕೀಯ ಪಕ್ಷದ ಪದಾಧಿಕಾರಿಯಾ? ಇದನ್ನು ಹಿತಾಸಕ್ತಿ ಅನ್ನುತ್ತಾರೆ, ಅಂದರೆ ಮಾತಿನ ಹಿಂದೆ ಇರುವ ಸ್ವಂತ ಲಾಭನಷ್ಟ. ಇದ್ದರೆ ಪರಿಚಯದಲ್ಲಿ ಒಂದು ಮಾತಿನಲ್ಲಿ ಹೇಳಿ, ಬಣ್ಣ ಹಚ್ಚದೆ ಹೇಳಿ. ಮುಚ್ಚಿಟ್ಟರೆ ಪ್ರಶ್ನೆಯ ಹೊತ್ತಿನಲ್ಲಿ ಯಾರೋ ಎದ್ದು ಬಿಚ್ಚುತ್ತಾರೆ, ಆಗ ಮುಚ್ಚಿಟ್ಟವರು ನೀವಾಗುತ್ತೀರಿ. ಹೇಳುತ್ತೇನೆ ಅಂತ ಅವರಿಗೂ ಮೊದಲೇ ತಿಳಿಸಿ. ಬಹಳಷ್ಟು ಜನ ಬೇಸರ ಮಾಡಿಕೊಳ್ಳುವುದಿಲ್ಲ.

ಹಳೆಯ ಕೇಸು, ಹಳೆಯ ಜಗಳ, ಮನೆ ಮಠದ ಸಂಗತಿ ಇವುಗಳಿಗೆ ಅಂದಿನ ವಿಷಯಕ್ಕೆ ಸಂಬಂಧ ಇಲ್ಲದಿದ್ದರೆ ಪರಿಚಯದಲ್ಲಿ ಜಾಗ ಇಲ್ಲ.

3. ನಿಲುವಿನ ವಾಕ್ಯ ಬರೆಯಿರಿ, ಎರಡೂ ಕಡೆ ತೋರಿಸಿ

ಇಡೀ ಪರಿಚಯ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ತುಂಬಾ ಜನ ಭಯಪಟ್ಟು ನಿಲುವನ್ನೇ ಬಿಟ್ಟುಬಿಡುತ್ತಾರೆ, "ನೀರಾವರಿ ತಜ್ಞರು" ಅಂದು ಮುಂದೆ ಹೋಗುತ್ತಾರೆ. ಸಭೆಗೆ ಅದು ಮೋಸದ ಹಾಗೆ ಕಾಣುತ್ತದೆ, ಯಾಕೆಂದರೆ ಎಲ್ಲರಿಗೂ ಅವರು ಯಾರು ಅಂತ ಗೊತ್ತು.

ನಿಲುವನ್ನು ಹೇಳಿ, ಆದರೆ ಅದು ಅವರದು ಅಂತ ಗೊತ್ತಾಗುವ ಹಾಗೆ ಹೇಳಿ. ಕೊನೆಯ ಕ್ರಿಯಾಪದದ ಮೇಲೆ ಕಣ್ಣಿಡಿ. "ನೀರು ಸಾಕಾಗುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ" ಅಂದರೆ ನೀವು ಒಪ್ಪಿ ಮುದ್ರೆ ಒತ್ತಿದ ಹಾಗೆ. "ಸಾಕಾಗುತ್ತದೆ ಎಂದು ಹೇಳಿಕೊಳ್ಳುತ್ತಾರೆ" ಅಂದರೆ ಅನುಮಾನ ಪಟ್ಟ ಹಾಗೆ. ಮಾತಿನ ಭರದಲ್ಲಿ "ಸಾಕಾಗುತ್ತದಂತೆ" ಅಂದುಬಿಟ್ಟರೆ ಇನ್ನೂ ಕೆಟ್ಟದ್ದು, ಗೇಲಿ ಮಾಡಿದ ಹಾಗೆ ಕೇಳಿಸುತ್ತದೆ. "ಸಾಕಾಗುತ್ತದೆ ಎನ್ನುವುದು ಅವರ ವಾದ" ಅಥವಾ "ಎಂದು ಹೇಳುತ್ತಾ ಬಂದಿದ್ದಾರೆ", ಇವೆರಡು ಸಾಕು.

ಬರೆದ ವಾಕ್ಯವನ್ನು ಉಪನ್ಯಾಸಕರಿಗೆ ಓದಿ ಹೇಳಿ. ಆಮೇಲೆ ವಿರೋಧಿಸುವ ಕಡೆಯ ಒಬ್ಬ ಸಮಾಧಾನದ ಹಿರಿಯರಿಗೆ ಓದಿ ಹೇಳಿ. ಅವರು ವಾದವನ್ನು ಒಪ್ಪಬೇಕಿಲ್ಲ, "ಹೌದು, ಅವರು ಹೇಳೋದು ಇದೇ" ಅಂದರೆ ಆಯ್ತು. ಇಬ್ಬರಿಂದಲೂ ಆ ಮಾತು ಬಂದರೆ ವಾಕ್ಯ ಸಿದ್ಧ. ಒಬ್ಬರು ತಕರಾರು ತೆಗೆದರೆ ಯಾವ ಪದಕ್ಕೆ ತೆಗೆದರು ಅಂತ ನೋಡಿ ಅದನ್ನು ಬದಲಿಸಿ.

ಒಂದು ಎಚ್ಚರಿಕೆ. ಆ ಹಿರಿಯರಿಗೆ ತೋರಿಸುವುದು ಈ ಒಂದು ವಾಕ್ಯ ಮಾತ್ರ. ಇಡೀ ಪರಿಚಯಕ್ಕೆ ಅವರ ಅನುಮತಿ ಕೇಳಲು ಹೋಗಬೇಡಿ, ಉಪನ್ಯಾಸ ಇರಬೇಕಾ ಬೇಡವಾ ಅನ್ನುವ ಚರ್ಚೆ ಅಲ್ಲಿ ಶುರುವಾಗುತ್ತದೆ. ಅದು ಸಂಘಟಕರ ತೀರ್ಮಾನ, ನಿಮ್ಮದಲ್ಲ. ಅದೇ ಮಾತುಕತೆಯಲ್ಲಿ "ಪ್ರಶ್ನೆಗೆ ಅರ್ಧ ಗಂಟೆ ಇಟ್ಟಿದ್ದೇವೆ ಅಣ್ಣ, ನಿಮ್ಮವರು ಪ್ರಶ್ನೆ ಬರೆದುಕೊಂಡೇ ಬರಲಿ" ಅಂತ ಹೇಳಿಡಿ. ಕೇಳುವ ಅವಕಾಶ ಖಚಿತವಾಗಿ ಇದೆ ಅಂತ ಗೊತ್ತಾದರೆ ನಡುವೆ ಎದ್ದು ಕೂಗುವವರು ಕಡಿಮೆಯಾಗುತ್ತಾರೆ.

4. ಬಿರುದು, ಅಂಕಿ, ಪದ್ಯ: ಇವನ್ನು ಕತ್ತರಿಸಿ

ನಮ್ಮ ಕಡೆ ಪರಿಚಯ ಅಂದರೆ ಹೊಗಳಿಕೆ ಅನ್ನುವ ರೂಢಿ ಬೇರೂರಿದೆ. ನೀರಿನ ವಿಷಯ ಮಾತಾಡುವವರು ಬಂದರೆ "ಆಧುನಿಕ ಭಗೀರಥ" ಅನ್ನುವುದು ಬಾಯಿಗೆ ತಾನಾಗಿ ಬರುತ್ತದೆ. ಈ ಸಭೆಯನ್ನು ಕೆಡಿಸಲು ಆ ಒಂದು ಪದ ಸಾಕು. ಮಲೇಬೆನ್ನೂರಿನಿಂದ ಬಂದ ರೈತನಿಗೆ ಅದು "ನಿಮ್ಮ ನೀರು ಒಯ್ಯುವವರೇ ಮಹಾತ್ಮರು" ಅಂತ ಕೇಳಿಸುತ್ತದೆ. ಖ್ಯಾತ, ಅಪ್ರತಿಮ, ನಾಡು ಕಂಡ ಇವನ್ನೆಲ್ಲ ತೆಗೆಯಿರಿ. "ವಿವಾದಿತ", "ನೇರ ನಿಷ್ಠುರ" ಇವನ್ನೂ ತೆಗೆಯಿರಿ. ಮೊದಲನೆಯದು ಬೈಗುಳ, ಎರಡನೆಯದು ಹೊಗಳಿಕೆಯ ವೇಷದಲ್ಲಿ ಬರುವ ಎಚ್ಚರಿಕೆ. ವಿಶೇಷಣದ ಜಾಗದಲ್ಲಿ ಕೆಲಸವನ್ನು ಹೇಳಿ. ಎಲ್ಲಿ ಕೆಲಸ ಮಾಡಿದರು, ಎಷ್ಟು ವರ್ಷ, ಯಾವ ಕಾಮಗಾರಿ. ಇದನ್ನು ಯಾರೂ ಅಲ್ಲಗಳೆಯಲಾರರು.

ಅಂಕಿಗಳನ್ನು ಆದಷ್ಟು ಉಪನ್ಯಾಸಕರಿಗೇ ಬಿಡಿ. ಮೇಲೆ ನಾನು ಕೊಟ್ಟ 17.4, 29.9 ಕೂಡ ಯೋಜನೆಯ ಲೆಕ್ಕ, ಜಗಳ ಇರುವುದೇ ಆ ಲೆಕ್ಕದ ನೀರು ನಿಜಕ್ಕೂ ಬರುತ್ತದಾ ಅನ್ನುವುದರ ಮೇಲೆ. ಪರಿಚಯ ಮಾಡುವವರು ಅಂಕಿ ಹೇಳಿದರೆ ಅದು ಸತ್ಯ ಅಂತ ಘೋಷಿಸಿದ ಹಾಗೆ ಆಗುತ್ತದೆ.

ವಚನ, ಗಾದೆ, ಚುಟುಕು ಬೇಡವೇ ಬೇಡ. ಬೇರೆ ಸಭೆಯಲ್ಲಿ ಚೆಂದ ಕೇಳಿಸುವ ಸಾಲು ಇಲ್ಲಿ ಯಾರಿಗೋ ಚುಚ್ಚುತ್ತದೆ. ಒಳ್ಳೆಯ ಮಾತಾಡಬೇಕು ಅನ್ನುವ ವಚನ ಹೇಳಿದರೆ ಉಪನ್ಯಾಸಕರಿಗೆ ಬುದ್ಧಿ ಹೇಳಿದ ಹಾಗೆ, ತಾಳ್ಮೆಯ ಗಾದೆ ಹೇಳಿದರೆ ಸಭೆಗೆ ಬುದ್ಧಿ ಹೇಳಿದ ಹಾಗೆ.

ಕರೆಯುವ ರೀತಿಯೂ ಅಷ್ಟೇ ಮುಖ್ಯ. ವೇದಿಕೆಯ ಮೇಲೆ ಅಧ್ಯಕ್ಷರಿಗೆ "ಶ್ರೀ", "ಅವರು" ಅಂದು ಉಪನ್ಯಾಸಕರಿಗೆ ಬರೀ ಹೆಸರು ಹೇಳಿದರೆ ಗೌರವ ಕಡಿಮೆ ಮಾಡಿದ ಹಾಗೆ. ಎಲ್ಲರಿಗೂ ಒಂದೇ ಅಳತೆ ಇರಲಿ. ನಿಮಗೆ ಅವರು ಎಷ್ಟೇ ಆಪ್ತರಾದರೂ ಮೈಕ್ ಮುಂದೆ "ನಮ್ಮ ಅಣ್ಣಾವ್ರು" ಬೇಡ.

5. ಭಿನ್ನಾಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳಿ

ಸಭೆಯಲ್ಲಿ ಒಪ್ಪದವರು ಇದ್ದಾರೆ ಅಂತ ಹೇಳಬೇಕಾ? ಹೇಳಬೇಕು. ಆದರೆ "ಕೆಲವರಿಗೆ ಅಸಮಾಧಾನ ಇರಬಹುದು" ಅನ್ನಬೇಡಿ. ಕೆಲವರು ಅಂದ ಕೂಡಲೇ ಅವರನ್ನು ಸಣ್ಣ ಗುಂಪು ಮಾಡಿದಿರಿ, ಅಸಮಾಧಾನ ಅಂದ ಕೂಡಲೇ ಅವರ ವಾದವನ್ನು ಬರೀ ಮುನಿಸು ಮಾಡಿದಿರಿ. "ಇದನ್ನು ಒಪ್ಪುವವರೂ ಒಪ್ಪದವರೂ ಇಲ್ಲಿ ಕೂತಿದ್ದಾರೆ, ಎರಡೂ ಕಡೆಯವರ ಬದುಕು ಈ ನೀರಿನ ಮೇಲೆ ನಿಂತಿದೆ" ಅನ್ನಿ. ಅಲ್ಲಿಗೆ ನಿಲ್ಲಿಸಿ.

"ಅವರ ಅಭಿಪ್ರಾಯಕ್ಕೂ ನಮ್ಮ ಸಂಸ್ಥೆಗೂ ಸಂಬಂಧ ಇಲ್ಲ" ಅಂತ ಪರಿಚಯದಲ್ಲಿ ಸೇರಿಸಿ ಅಂತ ಕೆಲವು ಸಂಸ್ಥೆಗಳು ಒತ್ತಾಯ ಮಾಡುತ್ತವೆ. ಮನೆಗೆ ಕರೆದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ ಹಾಗೆ ಆಗುತ್ತದೆ ಇದು. ಅಂಥ ಮಾತು ಬೇಕೇ ಬೇಕು ಅಂದರೆ ಪ್ರಾಸ್ತಾವಿಕದಲ್ಲಿ, ಅಂದರೆ ಕಾರ್ಯಕ್ರಮ ಯಾಕೆ ಅಂತ ವಿವರಿಸುವ ಮೊದಲ ಮಾತಿನಲ್ಲಿ, ಈ ವೇದಿಕೆಯಲ್ಲಿ ಮಾತಾಡುವ ಎಲ್ಲರಿಗೂ ಅನ್ವಯಿಸುವ ಹಾಗೆ ಹೇಳಲಿ.

6. ಪ್ರಶ್ನೆಯ ನಿಯಮವನ್ನು ಪರಿಚಯದೊಳಗೇ ಹೇಳಿ

ಎಷ್ಟು ಹೊತ್ತು ಉಪನ್ಯಾಸ, ಎಷ್ಟು ಹೊತ್ತು ಪ್ರಶ್ನೆ, ಚೀಟಿಯಲ್ಲಾ ಮೈಕ್‌ನಲ್ಲಾ. ನನ್ನ ಆಯ್ಕೆ ಎರಡೂ. ಬರೀ ಚೀಟಿ ಇಟ್ಟರೆ ಖಾರದ ಪ್ರಶ್ನೆಗಳನ್ನು ತೆಗೆದಿಟ್ಟರು ಅನ್ನುವ ಅನುಮಾನ ಬರುತ್ತದೆ, ಬರೀ ಮೈಕ್ ಕೊಟ್ಟರೆ ಪ್ರಶ್ನೆಯ ಬದಲು ಭಾಷಣ ಶುರುವಾಗುತ್ತದೆ. ಮೈಕ್‌ಗೆ ಒಬ್ಬರಿಗೆ ಒಂದು ನಿಮಿಷ, ಎರಡೂ ಕಡೆಯವರಿಗೆ ಸರದಿಯಂತೆ ಅಂತ ಗೊತ್ತುಮಾಡಿ. ಕೊಟ್ಟ ಸಮಯವನ್ನು ಉಳಿಸುವುದು ಅಧ್ಯಕ್ಷರ ಕೆಲಸ. ಸ್ವಾಗತ ಉದ್ದವಾಯ್ತು ಅಂತ ಪ್ರಶ್ನೆಯ ಸಮಯ ಕತ್ತರಿಸಿದರೆ ನೀವು ವೇದಿಕೆಯಿಂದ ಕೊಟ್ಟ ಮಾತು ಸುಳ್ಳಾಗುತ್ತದೆ. ಇದನ್ನು ಅವರಿಗೆ ಮೊದಲೇ ಗಟ್ಟಿಯಾಗಿ ಹೇಳಿ.

7. ಎಲ್ಲ ಸೇರಿಸಿದಾಗ ಹೀಗಿರುತ್ತದೆ

ಎರಡು ನಿಮಿಷದೊಳಗೆ ಮುಗಿಯಬೇಕು. ಕೈಬರಹದಲ್ಲಿ ಒಂದು ಪುಟ. ಹೆಸರಿನ ಜಾಗದಲ್ಲಿ ಚುಕ್ಕೆ ಇಟ್ಟಿದ್ದೇನೆ, ವರ್ಷ, ಊರು ನಿಮ್ಮ ಅತಿಥಿಗೆ ತಕ್ಕಂತೆ ತುಂಬಿಕೊಳ್ಳಿ.

"ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಭದ್ರಾ ಮೇಲ್ದಂಡೆ ಯೋಜನೆ. ಮಾತಾಡುವವರು ಶ್ರೀ ........ ಅವರು. ನೀರಾವರಿ ಇಲಾಖೆಯಲ್ಲಿ ........ ವರ್ಷ ಎಂಜಿನಿಯರ್ ಆಗಿದ್ದರು. ಅದರಲ್ಲಿ ........ ವರ್ಷ ನಾಲೆಗಳ ನಿರ್ವಹಣೆಯಲ್ಲಿ, ಆಮೇಲೆ ಏತ ನೀರಾವರಿ ಕಾಮಗಾರಿಯಲ್ಲಿ ಕೆಲಸ ಮಾಡಿದ್ದಾರೆ. ಈಗ ನಿವೃತ್ತರು. ಯೋಜನೆಗೆ ಸಂಬಂಧಿಸಿದ ಯಾವ ಹುದ್ದೆಯಲ್ಲೂ ಈಗ ಇಲ್ಲ. ತುಂಗೆಯಿಂದ ನೀರು ತಂದು ಭದ್ರೆಗೆ ತುಂಬಿಸುವ ಕೆಲಸ ಮುಗಿದರೆ ಅಚ್ಚುಕಟ್ಟಿನ ಪಾಲಿಗೆ ಕೈ ಹಾಕದೆ ಬಯಲುಸೀಮೆಗೆ ನೀರು ಕೊಡಬಹುದು ಎನ್ನುವುದು ಅವರ ವಾದ. ಇದನ್ನು ಒಪ್ಪುವವರೂ ಒಪ್ಪದವರೂ ಇಲ್ಲಿ ಕೂತಿದ್ದಾರೆ, ಎರಡೂ ಕಡೆಯವರ ಬದುಕು ಈ ನೀರಿನ ಮೇಲೆ ನಿಂತಿದೆ. ಅವರು ನಲವತ್ತು ನಿಮಿಷ ಮಾತಾಡುತ್ತಾರೆ. ಆಮೇಲೆ ಪೂರ್ತಿ ಅರ್ಧ ಗಂಟೆ ನಿಮ್ಮ ಪ್ರಶ್ನೆಗಳಿಗೆ. ಚೀಟಿಯಲ್ಲೂ ಕಳಿಸಬಹುದು, ಮೈಕ್‌ನಲ್ಲೂ ಕೇಳಬಹುದು, ಒಬ್ಬರಿಗೆ ಒಂದು ನಿಮಿಷ. ಈಗ ಶ್ರೀ ........ ಅವರು."

ಏತ ನೀರಾವರಿ ಅಂದರೆ ಪಂಪಿನಿಂದ ನೀರನ್ನು ಎತ್ತರಕ್ಕೆ ಎತ್ತಿ ಹರಿಸುವುದು. ಸಭೆಯಲ್ಲಿ ವಿದ್ಯಾರ್ಥಿಗಳು ಜಾಸ್ತಿ ಇದ್ದರೆ ಅದನ್ನೂ ಅರ್ಧ ಮಾತಿನಲ್ಲಿ ಬಿಡಿಸಿ ಹೇಳಿ. ಹೆಸರು ಮೊದಲಲ್ಲೂ ಇದೆ, ಕೊನೆಯಲ್ಲೂ ಇದೆ. ಕೊನೆಯ ಪದ ಅವರ ಹೆಸರಾದರೆ ನಿಮ್ಮ ಮಾತು ಮುಗಿಯಿತು ಅಂತ ಎಲ್ಲರಿಗೂ ತಿಳಿಯುತ್ತದೆ.

ಇದೇ ಸಭೆ ಚಿತ್ರದುರ್ಗದಲ್ಲಿ ನಡೆದು, ಮಾತಾಡುವವರು ಅಚ್ಚುಕಟ್ಟಿನ ರೈತ ಮುಖಂಡರಾಗಿದ್ದರೆ? ಅಚ್ಚು ಇದೇ. ನಿಲುವಿನ ವಾಕ್ಯ ಮಾತ್ರ ಬದಲಾಗುತ್ತದೆ: "ತುಂಗೆಯ ಕಾಮಗಾರಿ ಪೂರ್ತಿಯಾಗುವ ತನಕ ಭದ್ರೆಯಿಂದ ನೀರು ಎತ್ತಬಾರದು ಎನ್ನುವುದು ಅವರ ವಾದ." ಹೀಗೆ ತಿರುಗಿಸಿ ನೋಡುವುದು ಒಳ್ಳೆಯ ಪರೀಕ್ಷೆಯೂ ಹೌದು. ಎದುರು ಪಕ್ಷದವರಿಗೆ ಇಷ್ಟೇ ಗೌರವ, ಇಷ್ಟೇ ಉದ್ದ ಕೊಡುತ್ತಿದ್ದೆನಾ? ಇಲ್ಲ ಅನ್ನಿಸಿದರೆ ಎಲ್ಲೋ ಒಂದು ಪದ ವಾಲಿದೆ, ಹುಡುಕಿ.

8. ವೇದಿಕೆಯ ಮೇಲೆ

ಬರೆದಿದ್ದನ್ನು ಓದಿ. ಬಾಯಿಪಾಠ ಮಾಡಿ ಹೇಳುವ ಹುಮ್ಮಸ್ಸಿನಲ್ಲಿ ಬೇಡದ ವಿಶೇಷಣ ನುಸುಳಿಬಿಡುತ್ತದೆ. ನಿಲುವಿನ ವಾಕ್ಯ ಬಂದಾಗ ದನಿ ಏರಿಸಬೇಡಿ, ನಗಬೇಡಿ, ಹಿಂದಿನ ವಾಕ್ಯ ಹೇಳಿದ ದನಿಯಲ್ಲೇ ಹೇಳಿ. ಒಪ್ಪದವರು ಕೂತ ಕಡೆಗೆ ಮಾತ್ರ ನೋಡಿಕೊಂಡು ನಿಯಮ ಹೇಳಬೇಡಿ, ಅದು ಗದರಿಸಿದ ಹಾಗೆ ಕಾಣುತ್ತದೆ.

"ಜೋರಾದ ಚಪ್ಪಾಳೆ ಬರಲಿ" ಅನ್ನಬೇಡಿ. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಒಪ್ಪದವರು ಆಗ ಕೈ ಕಟ್ಟಿಕೊಂಡು ಕೂರಬೇಕಾಗುತ್ತದೆ, ಉಪನ್ಯಾಸ ಶುರುವಾಗುವ ಮೊದಲೇ ಯಾರು ಯಾವ ಕಡೆ ಅಂತ ಸಭೆ ಎರಡು ಹೋಳಾಗುತ್ತದೆ. ತಟ್ಟುವವರು ತಾವಾಗಿ ತಟ್ಟಲಿ.

ಶಾಲು, ಹಾರ, ಪೇಟದ ವಿಷಯವೂ ಹೀಗೆಯೇ. ಉಪನ್ಯಾಸಕ್ಕೆ ಮುಂಚೆ ಒಬ್ಬರಿಗೇ ದೊಡ್ಡ ಸನ್ಮಾನ ಮಾಡಿದರೆ ಅವರ ವಾದಕ್ಕೇ ಸನ್ಮಾನ ಅಂತ ಕಾಣುತ್ತದೆ. ವೇದಿಕೆಯ ಎಲ್ಲರಿಗೂ ಒಂದೊಂದು ಹೂವು ಅಥವಾ ಒಂದು ಪುಸ್ತಕ ಕೊಟ್ಟರೆ ಸಾಕು. ಶಾಲು ಹೊದಿಸಲೇಬೇಕು ಅಂದರೆ ಕೊನೆಯಲ್ಲಿ ಎಲ್ಲರಿಗೂ ಹೊದಿಸಿ.

9. ನಿಮ್ಮ ಮಾತಿನ ನಡುವೆಯೇ ಕೂಗು ಎದ್ದರೆ

ಸಾಮಾನ್ಯವಾಗಿ ಅದು ಬರುವುದು ನಿಲುವಿನ ವಾಕ್ಯದ ಹತ್ತಿರ. "ಸುಳ್ಳು!" ಅಂತ ಯಾರೋ ಕೂಗುತ್ತಾರೆ. ನಿಲ್ಲಿಸಿ. ಕೂಗು ಇಳಿಯುವ ತನಕ ಕಾಯಿರಿ, ಮೈಕ್‌ನಲ್ಲಿ ಅವರಿಗಿಂತ ಜೋರಾಗಿ ಮಾತಾಡಬೇಡಿ. ಆಮೇಲೆ ಒಂದೇ ಸಲ ಹೇಳಿ: "ನಿಮ್ಮ ಪ್ರಶ್ನೆಗೆ ಸಮಯ ಇದೆ, ಮೊದಲ ಮೈಕ್ ನಿಮಗೇ ಕೊಡಿಸುತ್ತೇವೆ." ಮತ್ತೆ ಬಿಟ್ಟ ವಾಕ್ಯದಿಂದ ಮುಂದುವರಿಸಿ. ಮೊದಲ ಮೈಕ್ ಅಂತ ಹೇಳಿದ ಮೇಲೆ ಆ ವ್ಯಕ್ತಿಗೇ ಮೊದಲು ಕೊಡಿಸಿ, ಕೂತ ಜಾಗ ಗುರುತಿಟ್ಟುಕೊಳ್ಳಿ.

ಅವರ ಮಾತಿಗೆ ಉತ್ತರ ಕೊಡಲು ಹೋಗಬೇಡಿ. ಉತ್ತರ ನಿಮಗೆ ಗೊತ್ತಿದ್ದರೂ ಬೇಡ. ಉತ್ತರ ಕೊಟ್ಟ ಕ್ಷಣ ನೀವು ಉಪನ್ಯಾಸಕರ ವಕೀಲರಾಗುತ್ತೀರಿ. "ಸಭ್ಯತೆ ಇಟ್ಟುಕೊಳ್ಳಿ" ಅನ್ನುವ ಮಾತೂ ಬೇಡ, ಅದನ್ನು ಕೇಳಿ ಸುಮ್ಮನಿದ್ದ ಅಕ್ಕಪಕ್ಕದವರೂ ಎದ್ದು ನಿಲ್ಲುತ್ತಾರೆ. ಎರಡನೇ ಸಲವೂ ನಿಲ್ಲದಿದ್ದರೆ ಅಧ್ಯಕ್ಷರ ಕಡೆ ತಿರುಗಿ ಮೈಕ್ ಬಿಟ್ಟುಕೊಡಿ. ಸಭೆ ನಡೆಸುವ ಅಧಿಕಾರ ಅವರದು. ಘೋಷಣೆ ಎದ್ದು, ಕುರ್ಚಿ ಸರಿಯುವ ಹಂತಕ್ಕೆ ಹೋದರೆ ಪರಿಚಯದ ಯಾವ ಜಾಣ ಮಾತೂ ಅದನ್ನು ತಡೆಯುವುದಿಲ್ಲ. ಅದಕ್ಕೆ ಸಂಘಟಕರು ಮೊದಲೇ ಯೋಚಿಸಿರಬೇಕು.

10. ಮುಗಿದ ಮೇಲೆ

ವಂದನಾರ್ಪಣೆ ಮಾಡುವವರ ಜೊತೆ ಮೊದಲೇ ಮಾತಾಡಿ. ನೀವು ಜೋಪಾನವಾಗಿ ಕಟ್ಟಿದ್ದನ್ನು ಅವರು "ನಮ್ಮೆಲ್ಲರ ಕಣ್ಣು ತೆರೆಸಿದರು" ಅಂತ ಒಂದು ಮಾತಿನಲ್ಲಿ ಕೆಡಿಸಬಹುದು. "ವಿವರವಾಗಿ ಮಾತಾಡಿದ್ದಕ್ಕೆ, ಪ್ರಶ್ನೆಗಳಿಗೆ ಉತ್ತರಿಸಿದ್ದಕ್ಕೆ ವಂದನೆ, ಪ್ರಶ್ನೆ ಕೇಳಿದವರಿಗೂ ವಂದನೆ" ಅಂದರೆ ಸಾಕು.

ಸಮಯ ಸಾಲದೆ ಉಳಿದ ಚೀಟಿಗಳನ್ನು ಎಸೆಯಬೇಡಿ, ಉಪನ್ಯಾಸಕರ ಕೈಗೆ ಕೊಡಿ, ಕೊಟ್ಟಿದ್ದೀರಿ ಅಂತ ಸಭೆಗೂ ಹೇಳಿ. ಪತ್ರಿಕೆಗಳಿಗೆ ಕಳಿಸುವ ಸುದ್ದಿಯನ್ನು ನೀವೇ ಒಮ್ಮೆ ಓದಿ. ಅದರಲ್ಲಿ ನಿಲುವಿನ ವಾಕ್ಯ ನೀವು ವೇದಿಕೆಯಲ್ಲಿ ಹೇಳಿದ ಹಾಗೇ, "ಮುಗಿದರೆ" ಅನ್ನುವ ಷರತ್ತಿನ ಸಮೇತ ಇರಬೇಕು. ಮೈಕ್‌ನಲ್ಲಿ ಕೇಳಿದ ಗಟ್ಟಿ ಪ್ರಶ್ನೆಗಳಲ್ಲಿ ಎರಡನ್ನಾದರೂ ಅದಕ್ಕೆ ಸೇರಿಸಿ ಕಳಿಸಿ.